ಹೊಸ ಆಪರೇಟರ್‌ಗೆ ಮೊದಲು ಮೈಕ್ರೋಮೀಟರ್ ಕೊಡಿ, ಆಮೇಲೆ ಯಂತ್ರ

ಪೀಣ್ಯದಲ್ಲಿ ಹದಿನಾಲ್ಕು ಜನರ ಸಿಎನ್‌ಸಿ ಘಟಕ ನಮ್ಮದು. ಐಟಿಐ ಮುಗಿಸಿದ ಹುಡುಗ ಸೇರಿದ್ದಾನೆ. ತೊಂಬತ್ತು ದಿನಗಳಲ್ಲಿ ಅವನನ್ನು ಹೇಗೆ ತಯಾರು ಮಾಡಬೇಕು?

ಈ ಪ್ರಶ್ನೆ ಪ್ರತಿ ತಿಂಗಳೂ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಹುಡುಗನನ್ನು ಎರಡನೆಯ ದಿನವೇ ಯಂತ್ರದ ಮುಂದೆ ನಿಲ್ಲಿಸಿ, ರಿಜೆಕ್ಷನ್ ಬಂದ ಮೇಲೆ ಬರೆಯುತ್ತಾರೆ. 'ನೋಡಿ ನೋಡಿ ಕಲಿಯುತ್ತಾನೆ' ಎಂಬ ಮಾತನ್ನು ದಯವಿಟ್ಟು ಬಿಡಿ. ನೋಡಿದರೆ ಬಟನ್ ಒತ್ತುವುದು ಬರುತ್ತದೆ, ಅಳತೆ ಬರುವುದಿಲ್ಲ.

ಮೊದಲ ಎರಡು ವಾರ ಅವನು ಅಳೆಯಲಿ. ಇನ್‌ಸ್ಪೆಕ್ಟರ್ ಆಗಲೇ ಅಳೆದಿಟ್ಟ ಹತ್ತು ಪೀಸ್ ಕೊಟ್ಟು, ಅವನ ರೀಡಿಂಗ್ ತಾಳೆ ನೋಡಿ. 25 ಮಿ.ಮೀ. ಶಾಫ್ಟ್‌ಗೆ ಡ್ರಾಯಿಂಗ್‌ನಲ್ಲಿ h7 ಎಂದಿದ್ದರೆ 24.979ರಿಂದ 25.000 ಒಳಗೆ ಇರಬೇಕು. ಸಾಮಾನ್ಯ ವರ್ನಿಯರ್ ತೋರಿಸುವ ಅತಿ ಸಣ್ಣ ಅಳತೆಯೇ 0.02. ಅದರಲ್ಲಿ ಈ ಶಾಫ್ಟ್ ಅಳೆಯಲು ಬಿಟ್ಟರೆ ತಪ್ಪು ನಿಮ್ಮದು. ಮೈಕ್ರಾನ್ ಓದುವ ಮೈಕ್ರೋಮೀಟರ್ ಕೊಡಿ.

ಅಲ್ಲಿಂದ ಅರವತ್ತನೆಯ ದಿನದವರೆಗೆ ಒಂದೇ ಯಂತ್ರ, ಒಂದೇ ಪೀಸ್, ಪಕ್ಕದಲ್ಲಿ ಒಬ್ಬ ಹಿರಿಯ. ಐದು ಪೀಸ್‌ಗೆ ಒಂದನ್ನು ಅಳೆದು ಬರೆಯಲಿ. ಇನ್ಸರ್ಟ್ ಸವೆದಂತೆ ವ್ಯಾಸ ಏರುತ್ತದೆ: 24.988, 24.992, 24.996. ಇಲ್ಲಿ ಯಂತ್ರ ನಿಲ್ಲಿಸಿ ಹಿರಿಯನನ್ನು ಕರೆದರೆ ಹುಡುಗ ಕಲಿಯುತ್ತಿದ್ದಾನೆ. 'ಇನ್ನೂ ಟಾಲರೆನ್ಸ್ ಒಳಗಿದೆ' ಎಂದು ಓಡಿಸಿದರೆ ಮುಂದಿನ ಐದರಲ್ಲೇ ಕೆಲವು 25 ದಾಟಬಹುದು.

ಆಫ್‌ಸೆಟ್ ಬದಲಿಸುವ ಅಧಿಕಾರ ಮೂರನೆಯ ತಿಂಗಳಿಗೆ, ಅದೂ ಒಂದು ಸಲಕ್ಕೆ 0.05 ಮೀರದಂತೆ. 24.996 ಬಂದ ಪೀಸನ್ನು 24.986ಕ್ಕೆ ಇಳಿಸಲು ಮೈನಸ್ 0.010 ಹಾಕಬೇಕು. ನಾನು ಸೂಪರ್‌ವೈಸರ್ ಆಗಿದ್ದ ಘಟಕವೊಂದರಲ್ಲಿ ಹೊಸಬನೊಬ್ಬ ಮೈನಸ್ 0.10 ಒತ್ತಿದ. ಶಾಫ್ಟ್ 24.896ಕ್ಕೆ ಇಳಿಯಿತು. ದಪ್ಪ ಉಳಿದದ್ದನ್ನು ಮತ್ತೆ ಕೊರೆಯಬಹುದು, ಸಣ್ಣದಾದದ್ದು ಗುಜರಿಗೆ. ಆದ್ದರಿಂದ ಅಂಕಿಯನ್ನು ಮೊದಲು ಕಾಗದದಲ್ಲಿ ಬರೆದು, ಗಟ್ಟಿಯಾಗಿ ಓದಿ, ಆಮೇಲೆ ಒತ್ತುವ ಅಭ್ಯಾಸ ಮಾಡಿಸಿ.

ತೊಂಬತ್ತನೆಯ ದಿನ ಹೊಸ ಇನ್ಸರ್ಟ್ ಕೊಡಿ. ಮೊದಲ ಪೀಸಿನಲ್ಲಿ 0.2 ದಪ್ಪ ಉಳಿಸಿ, ಅಳೆದು, ಅದನ್ನೇ ಮತ್ತೆ ಕೊರೆದು ಅಳತೆಗೆ ತಂದರೆ ಯಂತ್ರ ಅವನಿಗೆ ಒಪ್ಪಿಸಿ.

ಪ್ರೊಬೇಷನ್ ಮುಗಿದ ಮೇಲೆ ಇಎಸ್‌ಐ ಮಾಡಿಸಬಹುದೇ?

ಕೂಡದು. ಸಂಬಳ 21,000 ರೂಪಾಯಿ ಮೀರದಿದ್ದರೆ ಸೇರಿದ ದಿನದಿಂದಲೇ ಮಾಡಿಸಬೇಕು. ಬೆರಳು ಪ್ರೊಬೇಷನ್ ಮುಗಿಯಲೆಂದು ಕಾಯುವುದಿಲ್ಲ.

ಮೂಲ ಅಂಕಪಟ್ಟಿ ಇಟ್ಟುಕೊಂಡರೆ ಹುಡುಗರು ಬಿಟ್ಟುಹೋಗುವುದಿಲ್ಲ ಎನ್ನುತ್ತಾರೆ, ನಿಜವೇ?

ಹಾಗೆ ಹೇಳಿಕೊಟ್ಟ ಸಲಹೆಗಾರನನ್ನು ಬಿಡಿ, ಅಂಕಪಟ್ಟಿಯನ್ನು ಇಂದೇ ಹಿಂದಿರುಗಿಸಿ.

ಚಿಪ್ಸ್ ತೆಗೆಯಲು ಕೈಗವಸು ಕೊಟ್ಟರೆ ಸಾಕಲ್ಲವೇ?

ತಿರುಗುವ ಚಕ್ ಬಳಿ ಕೈಗವಸು ಕೈಯನ್ನೇ ಎಳೆದುಕೊಳ್ಳುತ್ತದೆ. ಯಂತ್ರ ನಿಲ್ಲಿಸಿ, ಕೊಕ್ಕೆಯಿಂದ ತೆಗೆಯಲಿ.