ಇಂಡಕ್ಷನ್ ಸ್ಲೈಡಿನ ಆ ಎರಡು < ಗುರುತುಗಳು

«ಡಿಸ್ಕ್ರೀಟ್ ಮ್ಯಾಥ್ಸ್ ಸ್ಲೈಡ್ ಹಾಕಿದ್ದೀನಿ ನೋಡಿ. ಸಾಬೀತು ಮಾಡ್ಬೇಕಾದ್ದನ್ನೇ 3ನೇ ಸಾಲಲ್ಲಿ ಒಪ್ಕೊಂಡುಬಿಟ್ರೆ ಇನ್ನೇನು ಸಾಬೀತಾಯ್ತು? ಕೊನೇಲಿ (k+1) ಎಲ್ಲಿಂದ ಬಂತು ಅಂತಾನೂ ಗೊತ್ತಾಗ್ಲಿಲ್ಲ. ಯಾರಾದ್ರೂ ಬಿಡಿಸಿ ಹೇಳ್ತೀರಾ?»

ಫೋಟೋದಲ್ಲಿ ಸರಿಯಾಗಿ ಕಾಣದವರಿಗಾಗಿ ಸ್ಲೈಡನ್ನು ಮತ್ತೆ ಟೈಪ್ ಮಾಡಿದ್ದೀನಿ. ಸಾಲಿನ ನಂಬರ್ ನಾನು ಹಾಕಿದ್ದು.

```
1  P(n): 2^n < n!,  n ≥ 4
2  P(4): 16 < 24
3  P(k): 2^k < k!,  k ≥ 4
4  2^(k+1) = 2 · 2^k
5          < 2 · k!
6          < (k+1) · k!
7          = (k+1)!
```

ಮೊದಲು 3ನೇ ಸಾಲು. ಸಾಬೀತು ಮಾಡಬೇಕಾದ್ದು 4ರಿಂದ ಮೇಲಿನ ಎಲ್ಲಾ n ಬಗ್ಗೆ. 3ನೇ ಸಾಲು ಹೇಳುತ್ತಿರುವುದು ಯಾವುದೋ ಒಂದು k ಬಗ್ಗೆ ಮಾತ್ರ, ಅದೂ «ಇದು ನಿಜ ಆಗಿದ್ದರೆ» ಅನ್ನುವ ಷರತ್ತಿನ ಮೇಲೆ. ಸ್ಲೈಡ್ ಮಾಡಿದವರು «ಆಗಿದ್ದರೆ»ಯನ್ನೂ «ಯಾವುದೋ ಒಂದು»ವನ್ನೂ ನುಂಗಿಬಿಟ್ಟಿದ್ದಾರೆ, ಗೊಂದಲದ ಮೂಲ ಅದೇ. 4ರಿಂದ 7ರವರೆಗಿನ ಸಾಲುಗಳು, ಅಂದರೆ ಸ್ಟೆಪ್, P(k+1) ನಿಜ ಅಂತ ಎಲ್ಲೂ ಸ್ವತಂತ್ರವಾಗಿ ಹೇಳುವುದಿಲ್ಲ. P(k) ಕೈಯಲ್ಲಿದ್ದರೆ P(k+1) ತಂದುಕೊಡ್ತೀನಿ ಅನ್ನುತ್ತವೆ, ಅಷ್ಟೆ. 2ನೇ ಸಾಲು, ಅಂದರೆ ಬೇಸ್, ಮೊದಲ ಸಲ ಕೈಗೆ P(4) ಇಡುತ್ತದೆ, ಅದರಿಂದ P(5), ಅದರಿಂದ P(6). ನೀವೇ ಬರೆಯುವಾಗ 3ನೇ ಸಾಲಲ್ಲಿ «ಎಲ್ಲಾ k ≥ 4ಕ್ಕೂ ನಿಜ ಎಂದುಕೊಳ್ಳೋಣ» ಅಂತ ಬರೆದರೆ ಮಾತ್ರ ನಿಮ್ಮ ಆಕ್ಷೇಪಣೆ ನೂರಕ್ಕೆ ನೂರು ಸರಿ. ಆಗ ಅದು ನಿಜವಾಗಿಯೂ ಬಾಲ ಕಚ್ಚಿಕೊಂಡು ಸುತ್ತುವ ವಾದ.

3ಕ್ಕೂ 4ಕ್ಕೂ ನಡುವೆ ಇನ್ನೊಂದು ಸಾಲು ಇರಬೇಕಿತ್ತು: «ಬೇಕಾದ್ದು: 2^(k+1) < (k+1)!». ಇದನ್ನು ಪಕ್ಕದಲ್ಲಿ ಪೆನ್ಸಿಲ್‌ನಲ್ಲಾದರೂ ಬರೆದುಕೊಳ್ಳಿ. ಇದಿಲ್ಲದೆ ಓದಿದರೆ 6ನೇ ಸಾಲು ಆಕಾಶದಿಂದ ಬಿದ್ದ ಹಾಗೆ ಕಾಣುತ್ತದೆ.

4ನೇ ಸಾಲಿನಲ್ಲಿ ಘಾತವನ್ನು ಒಡೆದದ್ದು 2^k ಹೊರಗೆ ಕಾಣಲಿ ಅಂತ. ಕಂಡ ತಕ್ಷಣ 5ನೇ ಸಾಲಲ್ಲಿ ಅದನ್ನು ತೆಗೆದು, 3ನೇ ಸಾಲು ಕೊಟ್ಟ k! ಹಾಕಿದ್ದಾರೆ. 2 ಧನಸಂಖ್ಯೆ, ಆದ್ದರಿಂದ ಗುಣಿಸಿದರೆ < ತಿರುಗುವುದಿಲ್ಲ. ಇಡೀ ಸ್ಲೈಡಿನಲ್ಲಿ ಹೈಪಾಥಿಸಿಸ್, ಅಂದರೆ 3ನೇ ಸಾಲಿನ ಊಹೆ, ಬಳಕೆಯಾಗುವುದು ಇದೊಂದೇ ಗುರುತಿನಲ್ಲಿ. ಪಕ್ಕದಲ್ಲಿ «3ನೇ ಸಾಲಿನಿಂದ» ಅಂತ ಬರೆಯದಿರುವುದು ಸ್ಲೈಡಿನ ತಪ್ಪು, ನಿಮ್ಮದಲ್ಲ. ಯಾವ ಇಂಡಕ್ಷನ್ ಪ್ರೂಫ್ ಸಿಕ್ಕರೂ ಮೊದಲು ಈ ಜಾಗ ಹುಡುಕಿ. ಸಿಗದಿದ್ದರೆ ಒಂದೋ ಅಲ್ಲಿ ಇಂಡಕ್ಷನ್ ಬೇಕೇ ಇರಲಿಲ್ಲ, ಇಲ್ಲವೇ ಪ್ರೂಫ್ ತಪ್ಪಿದೆ.

6ನೇ ಸಾಲಿನ < ಬೇರೆ ಜಾತಿಯದು. ಅದಕ್ಕೂ ಹೈಪಾಥಿಸಿಸ್‌ಗೂ ಸಂಬಂಧವಿಲ್ಲ. ಕೈಯಲ್ಲಿರುವುದು 2 · k!, ತಲುಪಬೇಕಾದ್ದು (k+1)!, ಅಂದರೆ (k+1) · k!. ಎರಡರಲ್ಲೂ k! ಇದೆ, ವ್ಯತ್ಯಾಸ 2 ಮತ್ತು k+1 ಮಾತ್ರ. k ≥ 4 ಆದ್ದರಿಂದ k+1 ಕನಿಷ್ಠ 5, 2ಕ್ಕಿಂತ ದೊಡ್ಡದು. (k+1) ಬಂದದ್ದು ಗುರಿಯನ್ನು ನೋಡಿಕೊಂಡು. k = 4 ಹಾಕಿ ನೋಡಿದರೆ ಸರಪಳಿ ಹೀಗೆ ಇಳಿಯುತ್ತದೆ: 32 = 2·16 < 2·24 = 48 < 5·24 = 120.

ಈಗ ಒಂದು ಸೂಕ್ಷ್ಮ. 6ನೇ ಸಾಲಿಗೆ k ≥ 2 ಇದ್ದರೂ ಸಾಕು. ಹಾಗಾದರೆ 2ರಿಂದಲೇ ಯಾಕೆ ಶುರು ಮಾಡಲಿಲ್ಲ? 2^2 < 2! ಅಂದರೆ 4 < 2, ಸುಳ್ಳು. 2^3 < 3! ಅಂದರೆ 8 < 6, ಅದೂ ಸುಳ್ಳು. ಸ್ಟೆಪ್ ಎಲ್ಲಿಂದ ನಡೆಯುತ್ತದೆ ಅನ್ನುವುದೂ ಬೇಸ್ ಎಲ್ಲಿ ನಿಜವಾಗುತ್ತದೆ ಅನ್ನುವುದೂ ಎರಡು ಬೇರೆ ಪ್ರಶ್ನೆ, ಎರಡನ್ನೂ ಬೇರೆ ಬೇರೆ ನೋಡಬೇಕು. 4 ಅನ್ನುವುದು ಬೇಸ್‌ನಿಂದ ಬಂದ ಸಂಖ್ಯೆ.

ಮೇಲೆ ಒಬ್ಬರು «n = 4, 5, 6, 7 ಹಾಕಿ ನೋಡಿ, ಅಂತರ ಹೆಚ್ಚುತ್ತಾ ಹೋಗುತ್ತೆ, ಅಷ್ಟು ಸಾಕು» ಅಂದಿದ್ದಾರೆ. ಅಂತರ ಯಾಕೆ ಹೆಚ್ಚುತ್ತದೆ ಅನ್ನುವುದನ್ನು ಅವರು ಹಿಡಿದಿದ್ದರೆ ಅದೇ 5 ಮತ್ತು 6ನೇ ಸಾಲು: ಎಡಗಡೆ ಪ್ರತಿ ಸಲ 2ರಿಂದ ಗುಣವಾಗುತ್ತದೆ, ಬಲಗಡೆ k+1ರಿಂದ. ಬರೀ ಹಾಕಿ ನೋಡುವುದು ಮಾತ್ರ ಸಾಲದು. n² + n + 41 ತೆಗೆದುಕೊಳ್ಳಿ. n = 0ಯಿಂದ 39ರವರೆಗೆ, ಅಂದರೆ 40 ಸಲ, ಬಿಡದೆ ಅವಿಭಾಜ್ಯ ಸಂಖ್ಯೆಯೇ ಬರುತ್ತದೆ. n = 40ಕ್ಕೆ 40·41 + 41, ಅಂದರೆ 41 × 41. ಅಲ್ಲಿಗೆ ಕೆಟ್ಟಿತು.

ಇನ್ನು «ಎರಡೂ ಕಡೆ k+1 ಕೂಡಿಸಿ, ಪಿಯುಸಿಯಲ್ಲಿ ಹಾಗೇ ಹೇಳಿಕೊಡ್ತೀವಿ» ಅಂದ ಮೇಷ್ಟ್ರೇ, ನಿಮ್ಮದು 1 + 2 + … + n ಥರದ ಮೊತ್ತಗಳಿಗೆ ಸರಿ, ಅಲ್ಲಿ ಮುಂದಿನ ಪದ ಕೂಡಿಕೊಳ್ಳುತ್ತದೆ. ಇಲ್ಲಿ 2^kಗೆ k+1 ಕೂಡಿಸಿದರೆ 2^(k+1) ಆಗುವುದಿಲ್ಲ, 2ರಿಂದ ಗುಣಿಸಿದರೆ ಆಗುತ್ತದೆ. kಯಿಂದ k+1ಕ್ಕೆ ಹೋಗುವಾಗ ಎಡಗಡೆ ಏನಾಗುತ್ತದೆ ಅಂತ ನೋಡಿ, ಅದನ್ನೇ ಮಾಡಬೇಕು.

ಉತ್ತರಪತ್ರಿಕೆಗಳಲ್ಲಿ ಹೆಚ್ಚು ಅಂಕ ಹೋಗುವುದು ಉಲ್ಟಾ ಬರೆಯುವುದರಿಂದ. ಮೇಲೆ 2^(k+1) < (k+1)! ಬರೆದು, 2 · 2^k < (k+1) · k! ಅಂತ ಒಡೆದು, «2 < k+1 ಸರಿ, 2^k < k! ಸರಿ, ಆದ್ದರಿಂದ ಸಾಬೀತಾಯಿತು» ಅಂತ ಮುಗಿಸುತ್ತಾರೆ. ಓದಲು ಚೆನ್ನಾಗಿಯೇ ಇರುತ್ತದೆ. ಆದರೆ ಬಾಣ ಗುರಿಯಿಂದ ಹಿಂದಕ್ಕೆ ಓಡುತ್ತಿದೆ, ಮತ್ತು ಆ ದಿಕ್ಕಿನಲ್ಲಿ ಅದು ಸುಳ್ಳೂ ಹೌದು. k = 3 ಹಾಕಿ: 2^4 < 4! ಅಂದರೆ 16 < 24, ನಿಜ. ಅದರಿಂದ 2^3 < 3! ಬರುತ್ತದೆಯೇ? 8 < 6, ಇಲ್ಲ. ರಫ್ ಪುಟದಲ್ಲಿ ಗುರಿಯಿಂದ ಹಿಂದಕ್ಕೆ ಯೋಚಿಸಿ, ಅಡ್ಡಿಯಿಲ್ಲ. ಉತ್ತರದಲ್ಲಿ ಮಾತ್ರ ಸ್ಲೈಡಿನ ಹಾಗೆ ಎಡಗಡೆಯಿಂದ ಶುರು ಮಾಡಿ ಬಲಗಡೆಗೆ ಇಳಿಯಿರಿ.

«ನಮ್ಮ ಸ್ಲೈಡಲ್ಲಿ ನಾಲ್ಕು ಬೇಸ್ ಕೇಸ್ ಇವೆ, ಸುಮ್ಮನೆ ಉದ್ದ ಮಾಡಿದ್ದಾರೆ» ಅಂದವರದು ಬೇರೆ ಲೆಕ್ಕ: 4 ಮತ್ತು 5ರ ಸ್ಟಾಂಪ್‌ಗಳಲ್ಲಿ 12 ಮತ್ತು ಅದಕ್ಕೆ ಮೇಲಿನ ಯಾವ ಮೊತ್ತವನ್ನಾದರೂ ಹೊಂದಿಸುವುದು. ಅಲ್ಲಿ ಸುಮ್ಮನೆ ಅಲ್ಲ. ನಿಮ್ಮ ಸ್ಟೆಪ್ k−3ಕ್ಕೆ ಒಂದು 4 ಅಂಟಿಸಿ k+1 ಮಾಡುತ್ತದೆ, ಅಂದರೆ ನಾಲ್ಕು ಮೆಟ್ಟಿಲು ಹಿಂದಕ್ಕೆ ನೋಡುತ್ತದೆ. ಹೀಗೆ k ಒಂದನ್ನೇ ಅಲ್ಲದೆ ಅದಕ್ಕೂ ಹಿಂದಿನವನ್ನು ಬಳಸುವುದೇ ಸ್ಟ್ರಾಂಗ್ ಇಂಡಕ್ಷನ್. 12, 13, 14, 15ರಲ್ಲಿ 15 ಬಿಟ್ಟರೆ 19ಕ್ಕೆ ನಿಲ್ಲಲು ನೆಲವಿಲ್ಲ, ಆಮೇಲೆ 23ಕ್ಕೂ ಇಲ್ಲ. 12 ಒಂದನ್ನೇ ಇಟ್ಟುಕೊಂಡೂ ಮಾಡಬಹುದು: ಒಂದು 4 ತೆಗೆದು 5 ಇಡಿ, 4 ಒಂದೂ ಇಲ್ಲದಿದ್ದರೆ ಮೂರು 5 ತೆಗೆದು ನಾಲ್ಕು 4 ಇಡಿ. ಆದರೆ ಪ್ರಶ್ನೆಯಲ್ಲಿ «ಸ್ಟ್ರಾಂಗ್ ಇಂಡಕ್ಷನ್‌ನಿಂದ» ಅಂತ ಇದ್ದು ಇದನ್ನು ಬರೆದರೆ ಅಂಕ ಕೊಡಬೇಕೋ ಬೇಡವೋ? ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ಪೇಪರ್ ತಿದ್ದುವವರು ಇಲ್ಲಿದ್ದರೆ ನೀವೇನು ಮಾಡ್ತೀರಿ ಹೇಳಿ.