ಎರಡು ವರ್ಷದಲ್ಲಿ ಬೇಕಾಗುವ 5 ಲಕ್ಷವನ್ನು ಮ್ಯೂಚುವಲ್ ಫಂಡಿಗೆ ಹಾಕಬಹುದೇ?

"ಚಾಲಿ ಅಡಿಕೆ ಮಾರಿದ 5 ಲಕ್ಷ ಕೈಯಲ್ಲಿದೆ. ಎರಡು ವರ್ಷದಲ್ಲಿ ಮಗಳ ಮದುವೆ. ಗ್ಯಾರಂಟಿ 15% ಕೊಡುವ ಮ್ಯೂಚುವಲ್ ಫಂಡ್ ಯಾವುದು?"

ನಾನು ಬದಿಯಡ್ಕದವನು. ಈಗ ಹಣಕಾಸು ಯೋಜನೆ ಮಾಡಿಕೊಡುವುದೇ ನನ್ನ ಕೆಲಸ. 2020ರ ಜನವರಿಯಲ್ಲಿ ನನ್ನ ಹತ್ತಿರವೂ ಅಡಿಕೆಯ 4 ಲಕ್ಷ ಇತ್ತು. ತೋಟ ಪಾಲಾದಾಗ ಜಾಗ ನನಗೆ ಬಂತು, ತಮ್ಮನಿಗೆ ವಿಷುವಿನೊಳಗೆ ಹಣ ಕೊಡುವ ಮಾತಾಗಿತ್ತು. ಮೂರು ತಿಂಗಳು ಸುಮ್ನೆ ಯಾಕೆ ಇಡುವುದು ಅಂತ ಅಷ್ಟನ್ನೂ ನಿಫ್ಟಿ ಇಂಡೆಕ್ಸ್ ಫಂಡಿಗೆ, ಅಂದರೆ 50 ದೊಡ್ಡ ಕಂಪನಿಗಳ ಷೇರಿನ ಸೂಚ್ಯಂಕದ ಜೊತೆಗೇ ಏರಿಳಿಯುವ ಫಂಡಿಗೆ ಹಾಕಿದೆ.

ಆ ತಿಂಗಳು ನಿಫ್ಟಿ 12,362ರಲ್ಲಿತ್ತು. ಮಾರ್ಚ್ 23ಕ್ಕೆ 7,610. ಹತ್ತಿರ ಹತ್ತಿರ 38% ಇಳಿತ. ಫೋನಿನಲ್ಲಿ ನೋಡಿದರೆ ನನ್ನ 4 ಲಕ್ಷ ಎರಡು ಲಕ್ಷ ನಲವತ್ತಾರು ಸಾವಿರದ ಆಸುಪಾಸಿನಲ್ಲಿತ್ತು. ಕೊಟ್ಟ ಮಾತು ಮುಂದಿತ್ತು, ಅದಕ್ಕೇ ಮಾರಿದೆ. ಬಾಕಿಗೆ ಹೆಂಡತಿಯ ಬಳೆ ಅಡವಿಟ್ಟೆ.

ಇಲ್ಲಿ ನನ್ನ ತಪ್ಪು ಯಾವುದು ಅಂತ ಸರಿಯಾಗಿ ಹೇಳಬೇಕು. ಫಂಡ್ ಕೆಟ್ಟದ್ದಾಗಿರಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ನಿಫ್ಟಿ ಹಳೆಯ ಮಟ್ಟವನ್ನು ದಾಟಿತು. ಆದರೆ 38% ಇಳಿದದ್ದು ಮೊದಲಿನ ಜಾಗಕ್ಕೆ ಬರಲು 62% ಏರಬೇಕು, ಅದಕ್ಕೆ ಸಮಯ ಬೇಕು. ನನ್ನ ಹಣಕ್ಕೆ ಆ ಸಮಯ ಇರಲಿಲ್ಲ. ತಾರೀಕು ಗೊತ್ತಿರುವ ಹಣವನ್ನು ತಾರೀಕು ಕೇಳದ ಮಾರುಕಟ್ಟೆಗೆ ಹಾಕಿದ್ದೇ ತಪ್ಪು. ಆ ಸಲ ಎಂಟು ಹತ್ತು ತಿಂಗಳಲ್ಲಿ ಚೇತರಿಸಿತು. ಮುಂದಿನ ಸಲ ವರ್ಷಗಳೇ ಹಿಡಿಯಬಹುದು.

ಹಾಗಾಗಿ ಯಾವ ಫಂಡ್ ಅನ್ನುವ ಪ್ರಶ್ನೆಯೇ ನಿಮಗೆ ಬೇಡ. ಷೇರಿನ ಫಂಡಿನಲ್ಲಿ ಗ್ಯಾರಂಟಿ ಅನ್ನುವುದೇ ಇಲ್ಲ, ಹಾಕಿದ ಹಣವೂ ಕಡಿಮೆಯಾಗಬಹುದು. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರ ಲಾಭದ ಭರವಸೆ ಕೊಡುವಂತೆಯೇ ಇಲ್ಲ. 15% ಖಂಡಿತ ಅಂದವರಿಗೆ ಚೆಕ್ ಬರೆಯಬೇಡಿ.

ಮದುವೆಯ ಹಣವನ್ನು ಬ್ಯಾಂಕಿನ ಎಫ್‌ಡಿಯಲ್ಲಿಡಿ, ಅದೂ ಎರಡು ಬ್ಯಾಂಕಿನಲ್ಲಿ. ಬ್ಯಾಂಕ್ ಮುಳುಗಿದರೆ ಹಣ ಕೊಡುವ ಠೇವಣಿ ವಿಮೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ಮಾತ್ರ, ಬಡ್ಡಿಯೂ ಅದರೊಳಗೇ ಸೇರುತ್ತದೆ. ಪೂರ್ತಿ 5 ಲಕ್ಷ ಒಂದೇ ಕಡೆ ಇಟ್ಟರೆ ಬಡ್ಡಿ ಹೊರಗುಳಿಯುತ್ತದೆ. ಒಂದರಲ್ಲಿ 3, ಇನ್ನೊಂದರಲ್ಲಿ 2 ಇಟ್ಟರೆ ಆ ಚಿಂತೆ ಇಲ್ಲ. ನಮ್ಮೂರಿನಲ್ಲಿ ಸೊಸೈಟಿಯನ್ನೂ ಬ್ಯಾಂಕ್ ಅಂತಲೇ ಕರೆಯುತ್ತೇವೆ ಅಲ್ವಾ? ಪ್ರಾಥಮಿಕ ಸಹಕಾರ ಸಂಘದ ಠೇವಣಿಗೆ ಈ ವಿಮೆ ಅನ್ವಯಿಸುವುದಿಲ್ಲ, ಅದನ್ನು ಕೇಳಿ ತಿಳಿದುಕೊಂಡೇ ಇಡಿ.

ಎಫ್‌ಡಿಗೂ ಒಂದು ಕೊರತೆ ಇದೆ. ಎರಡು ವರ್ಷದಲ್ಲಿ ಚಿನ್ನ, ಊಟದ ಖರ್ಚು ಬಡ್ಡಿಗಿಂತ ಜಾಸ್ತಿ ಏರಬಹುದು. ಆ ವ್ಯತ್ಯಾಸವನ್ನು ಬರುವ ವರ್ಷದ ಅಡಿಕೆಯಿಂದ ತುಂಬಿಸಿಕೊಳ್ಳಿ, ಷೇರಿನಿಂದ ಬೇಡ. ಎಫ್‌ಡಿ ಮುಗಿಯುವ ತಾರೀಕು ಮಾತ್ರ ನಿಶ್ಚಿತಾರ್ಥಕ್ಕಿಂತ ಒಂದು ತಿಂಗಳು ಮೊದಲೇ ಬರುವ ಹಾಗೆ ಹಾಕಿಸಿ.