ಹೊರಗೆ ಅಷ್ಟು ಕ್ಯಾಲ್ಸಿಯಂ ಇದ್ದರೂ ಒಳಗೊಂದು ದಾಸ್ತಾನು ಯಾಕೆ?

ಓದುಗರ ಪತ್ರ: "ಜೀವಕೋಶದ ಒಳಗಿಗಿಂತ ಹೊರಗೆ ಹತ್ತು ಸಾವಿರ ಪಟ್ಟು ಜಾಸ್ತಿ ಕ್ಯಾಲ್ಸಿಯಂ ಇದೆ ಅಂತ ಓದಿದ್ದೇನೆ. ಹಾಗಿದ್ದ ಮೇಲೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ ಬೇರೆ ಕೂಡಿಡೋದು ಯಾಕೆ? ಮಧ್ಯೆ ಈ ಕ್ಯಾಲ್ಮಾಡ್ಯುಲಿನ್ ಬೇರೆ ಯಾಕೆ ಬೇಕು? ನಾನು ದಿನಾ ಕ್ಯಾಲ್ಸಿಯಂ ಮಾತ್ರೆ ತಗೊಳ್ತೀನಿ, ಅದು ಈ ದಾಸ್ತಾನಿಗೆ ಹೋಗುತ್ತಾ?"

ಸಂಪಾದಕರ ಉತ್ತರ:

ಒಂದೇ ಒಂದು ಜೀವಕೋಶವನ್ನು ಹಿಡಿದುಕೊಂಡು ನೋಡೋಣ. ಸಣ್ಣ ಅಪಧಮನಿಯ ಗೋಡೆಯಲ್ಲಿರುವ ಸ್ನಾಯುಕೋಶ. ನಮ್ಮ ಇಚ್ಛೆ ಕೇಳದೆ ಬಿಗಿಯುವ, ಸಡಿಲವಾಗುವ ಸ್ನಾಯು ಇದು. ಇದು ಬಿಗಿದರೆ ರಕ್ತನಾಳ ಕಿರಿದಾಗುತ್ತದೆ. ದಾಸ್ತಾನಿನಿಂದ ಕ್ಯಾಲ್ಸಿಯಂ ಹೊರಬರುವುದು, ಕ್ಯಾಲ್ಮಾಡ್ಯುಲಿನ್ ಅದನ್ನು ಹಿಡಿಯುವುದು, ಆಮೇಲೆ ಕಣ್ಣಿಗೆ ಕಾಣುವ ಕೆಲಸವೊಂದು ನಡೆಯುವುದು, ಈ ಮೂರೂ ಇಲ್ಲಿ ಒಂದರ ಹಿಂದೆ ಒಂದು ಸಿಗುತ್ತವೆ.

ಮೊದಲು ಲೆಕ್ಕ. ಕೋಶದ ಹೊರಗಿನ ದ್ರವದಲ್ಲಿ ಬಿಡಿ ಕ್ಯಾಲ್ಸಿಯಂ ಸುಮಾರು 1.2 ಮಿಲಿಮೋಲಾರ್. ಒಳಗೆ, ಸೈಟೋಪ್ಲಾಸಂನಲ್ಲಿ, ಕೋಶ ಸುಮ್ಮನಿದ್ದಾಗ ಸುಮಾರು 100 ನ್ಯಾನೋಮೋಲಾರ್. ಕೋಶದ ಗಾತ್ರ ಒಂದು ಪಿಕೋಲೀಟರ್ ಅಂತ ಇಟ್ಟುಕೊಂಡರೆ ಅಷ್ಟರಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಅಯಾನುಗಳು ಸುಮಾರು 60 ಸಾವಿರ ಮಾತ್ರ. ಚಾನೆಲ್ ಅಂದರೆ ಪೊರೆಯಲ್ಲಿ ಅಯಾನುಗಳು ದಾಟುವ ಬಾಗಿಲು. ತೆರೆದ ಒಂದು ಚಾನೆಲ್ ಸೆಕೆಂಡಿಗೆ ಲಕ್ಷಗಟ್ಟಲೆ ಅಯಾನುಗಳನ್ನು ಬಿಡಬಲ್ಲದು, ಹಾಗಾಗಿ ಕೆಲವೇ ಚಾನೆಲ್‌ಗಳು ಕ್ಷಣಕಾಲ ತೆರೆದರೂ ಅವುಗಳ ಪಕ್ಕದಲ್ಲಿ ಒಳಗಿನ ಮಟ್ಟ ಹಲವು ಪಟ್ಟು ಏರಿಬಿಡುತ್ತದೆ. ಸೋಡಿಯಂನಿಂದ ಈ ಕೆಲಸ ಆಗುವುದಿಲ್ಲ. ಅದು ಒಳಗೆ ಮೊದಲೇ ಮಿಲಿಮೋಲಾರ್ ಲೆಕ್ಕದಲ್ಲಿದೆ, ಇನ್ನೊಂದಿಷ್ಟು ಬಂದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಕ್ಯಾಲ್ಸಿಯಂ ಅನ್ನು ಇಷ್ಟು ಕಡಿಮೆ ಇಡಲು ಬೇರೆ ಕಾರಣವೂ ಇದೆ. ಕೋಶ ಬದುಕುವುದೇ ಫಾಸ್ಫೇಟ್ ಮೇಲೆ. ಕ್ಯಾಲ್ಸಿಯಂ ಜಾಸ್ತಿಯಾದರೆ ಅದು ಫಾಸ್ಫೇಟ್ ಜೊತೆ ಸೇರಿ ಗಟ್ಟಿಯಾಗಿ ಕೂತುಬಿಡುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಹೊರಗಿನಿಂದ ಬಂದ ಕ್ಯಾಲ್ಸಿಯಂ ಕೋಶದೊಳಗೆ ಜಾಸ್ತಿ ದೂರ ಹೋಗಲಾರದು. ಅದನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನ್‌ಗಳು ದಾರಿಯುದ್ದಕ್ಕೂ ಇವೆ, ಹೊರಗೆಸೆಯುವ ಪಂಪ್‌ಗಳೂ ಇವೆ. ಹೊರಪೊರೆಯ ಚಾನೆಲ್ ಮಾತ್ರ ತೆರೆದರೆ ಪೊರೆಯ ಪಕ್ಕದಲ್ಲಿ ಮಟ್ಟ ಬೇಗ ಏರುತ್ತದೆ, ಕೋಶದ ನಡುಭಾಗಕ್ಕೆ ಸುದ್ದಿ ತಡವಾಗಿ, ಕುಗ್ಗಿ ತಲುಪುತ್ತದೆ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಹಾಗಲ್ಲ, ಅದು ಕೋಶದ ತುಂಬಾ ಬಲೆಯಂತೆ ಹರಡಿದೆ. (ಮುಂದೆ ಸುಮ್ನೆ ಇಆರ್ ಅನ್ನುತ್ತೇನೆ.) ಅದರ ಪೊರೆಯಲ್ಲಿರುವ ಸೆರ್ಕಾ ಎಂಬ ಪಂಪ್, ಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚು ಮಾಡಿ ಎರಡು ಕ್ಯಾಲ್ಸಿಯಂ ಅಯಾನುಗಳನ್ನು ಒಳಗೆ ತಳ್ಳುತ್ತದೆ. ಹೀಗೆ ತಳ್ಳಿ ತಳ್ಳಿ ಇಆರ್ ಒಳಗಿನ ಬಿಡಿ ಕ್ಯಾಲ್ಸಿಯಂ ಮಿಲಿಮೋಲಾರ್‌ನ ಒಂದು ಭಾಗದಷ್ಟು ಮಟ್ಟಕ್ಕೆ ಏರುತ್ತದೆ. ಅಲ್ಲಿನ ಪ್ರೋಟೀನ್‌ಗಳು ಹಿಡಿದಿಟ್ಟುಕೊಂಡಿರುವುದು ಇನ್ನೂ ಎಷ್ಟೋ ಜಾಸ್ತಿ. ಅಂದರೆ ಬೇಕಾದ ಜಾಗದ ಪಕ್ಕದಲ್ಲೇ ದಾಸ್ತಾನು ಇದೆ.

ಆದರೆ ಹೊರಗಿನ ಸುದ್ದಿ ಒಳಗಿನ ಇಆರ್‌ಗೆ ಮುಟ್ಟಬೇಕಲ್ವಾ? ನರದ ತುದಿಯಿಂದ ನಾರ್‌ಅಡ್ರಿನಲಿನ್ ಬಂದು ಸ್ನಾಯುಕೋಶದ ಹೊರಪೊರೆಯ ಆಲ್ಫಾ-1 ಗ್ರಾಹಕಕ್ಕೆ ಅಂಟುತ್ತದೆ. ಗ್ರಾಹಕವು ಜಿ-ಪ್ರೋಟೀನ್ ಒಂದನ್ನು ಎಬ್ಬಿಸುತ್ತದೆ, ಅದು ಫಾಸ್ಫೋಲೈಪೇಸ್ ಸಿ ಎಂಬ ಕಿಣ್ವವನ್ನು. ಈ ಕಿಣ್ವ ಪೊರೆಯಲ್ಲಿರುವ ಒಂದು ಕೊಬ್ಬಿನ ಅಣುವನ್ನು ಎರಡಾಗಿ ಕತ್ತರಿಸುತ್ತದೆ. ಒಂದು ತುಂಡು ಪೊರೆಯಲ್ಲೇ ಉಳಿಯುತ್ತದೆ, ಇನ್ನೊಂದು ನೀರಿನಲ್ಲಿ ಕರಗಿ ಒಳಗೆ ಓಡುತ್ತದೆ. ಓಡುವ ತುಂಡೇ ಐಪಿ3. ಕ್ಯಾಲ್ಸಿಯಂಗಿಂತ ಅದು ಎಷ್ಟೋ ಬೇಗ, ಎಷ್ಟೋ ದೂರ ಹೋಗುತ್ತದೆ.

ಇಆರ್ ಪೊರೆಯಲ್ಲಿ ಐಪಿ3ಗೆಂದೇ ಒಂದು ಚಾನೆಲ್ ಇದೆ. ನಾಲ್ಕು ಭಾಗ ಸೇರಿ ಆದದ್ದು. ನಾಲ್ಕಕ್ಕೂ ಐಪಿ3 ಅಂಟಿಕೊಂಡರೆ ಮಾತ್ರ ತೆರೆಯುತ್ತದೆ, ಅದೂ ಸಾಲದು, ಪಕ್ಕದ ಸೈಟೋಪ್ಲಾಸಂನಲ್ಲಿ ಸ್ವಲ್ಪ ಕ್ಯಾಲ್ಸಿಯಂ ಕೂಡ ಇರಬೇಕು. ಈ ಚಾನೆಲ್‌ನ ಸ್ವಭಾವವೇ ವಿಶೇಷ. ಪಕ್ಕದಲ್ಲಿ ಕ್ಯಾಲ್ಸಿಯಂ ಸ್ವಲ್ಪ ಏರಿದರೆ ಇನ್ನೂ ಚೆನ್ನಾಗಿ ತೆರೆಯುತ್ತದೆ, ತುಂಬಾ ಏರಿದರೆ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಒಂದು ಗುಂಪಿನ ಚಾನೆಲ್‌ಗಳು ಬಿಟ್ಟ ಕ್ಯಾಲ್ಸಿಯಂ ಪಕ್ಕದ ಗುಂಪನ್ನು ತೆರೆಸುತ್ತದೆ, ಅಷ್ಟರಲ್ಲಿ ಮೊದಲ ಗುಂಪು ಮುಚ್ಚಿರುತ್ತದೆ. ಏರಿಕೆ ಅಲೆಯಾಗಿ ಕೋಶದುದ್ದಕ್ಕೂ ಸಾಗುತ್ತದೆ, ಹಿಂದೆಯೇ ಸೆರ್ಕಾ ಪಂಪ್ ಕ್ಯಾಲ್ಸಿಯಂ ಅನ್ನು ಮತ್ತೆ ತುಂಬಿಸಿಕೊಳ್ಳುತ್ತದೆ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಹೊರಗಿನಿಂದ ಯಾರೂ ನಡೆಸದೆ ಒಂದೇ ಚಾನೆಲ್‌ನ ಗುಣದಿಂದ ಅಲೆ ಹುಟ್ಟುತ್ತದೆ, ತಣಿಯುತ್ತದೆ.

ಇನ್ನು ಕ್ಯಾಲ್ಮಾಡ್ಯುಲಿನ್. ಸ್ನಾಯು ಬಿಗಿಯಬೇಕಾದರೆ ಮಯೋಸಿನ್ ಎಂಬ ಪ್ರೋಟೀನ್ ಎಳೆಯಬೇಕು. ಈ ಸ್ನಾಯುವಿನಲ್ಲಿ ಮಯೋಸಿನ್‌ಗೆ ಫಾಸ್ಫೇಟ್ ಅಂಟಿಸಿದರೆ ಮಾತ್ರ ಅದು ಎಳೆಯುತ್ತದೆ. ಅಂಟಿಸುವ ಕಿಣ್ವದ ಹೆಸರು ಮಯೋಸಿನ್ ಲೈಟ್ ಚೈನ್ ಕೈನೇಸ್. ಈ ಕಿಣ್ವದಲ್ಲಿ ಕ್ಯಾಲ್ಸಿಯಂ ಕೂರಿಸಿಕೊಂಡು ಎಚ್ಚರವಾಗುವಂಥ ಜಾಗವೇ ಇಲ್ಲ. ಹಾಗಾಗಿ ಅದು ಎಷ್ಟು ಕ್ಯಾಲ್ಸಿಯಂ ಸುರಿದರೂ ನೇರವಾಗಿ ಏಳುವುದಿಲ್ಲ.

ಕ್ಯಾಲ್ಮಾಡ್ಯುಲಿನ್ 148 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ಎರಡು ಗುಂಡುಗಳು, ನಡುವೆ ಬಾಗಬಲ್ಲ ಒಂದು ಎಳೆ. ಒಂದೊಂದು ಗುಂಡಿನಲ್ಲೂ ಕ್ಯಾಲ್ಸಿಯಂ ಕೂರುವ ಎರಡು ಜಾಗ, ಒಟ್ಟು ನಾಲ್ಕು. ಒಂದೊಂದು ಜಾಗವೂ 12 ಅಮೈನೋ ಆಮ್ಲಗಳ ಸಣ್ಣ ಕುಣಿಕೆ, ಅದರೊಳಗೆ ಕ್ಯಾಲ್ಸಿಯಂ ಅನ್ನು ಏಳು ಆಕ್ಸಿಜನ್‌ಗಳು ಸುತ್ತುವರಿದು ಹಿಡಿಯುತ್ತವೆ. ಸೈಟೋಪ್ಲಾಸಂನಲ್ಲಿ ಮೆಗ್ನೀಸಿಯಂ ಸಾವಿರಾರು ಪಟ್ಟು ಜಾಸ್ತಿ ಇದ್ದರೂ ಅದರಿಂದ ಈ ಕೆಲಸ ಆಗುವುದಿಲ್ಲ. ಅದು ಚಿಕ್ಕ ಅಯಾನು, ಅದಕ್ಕೆ ಆರು ಆಕ್ಸಿಜನ್‌ಗಳ ಬಿಗಿ ಜೋಡಣೆಯೇ ಬೇಕು, ಕುಣಿಕೆಯನ್ನು ಸರಿಯಾಗಿ ಎಳೆದು ಗುಂಡನ್ನು ತೆರೆಸಲು ಅದಕ್ಕೆ ಆಗದು.

ಕ್ಯಾಲ್ಸಿಯಂ ಕೂತಾಗ ಗುಂಡು ತೆರೆದುಕೊಂಡು ಒಳಗಿದ್ದ ನೀರು ಒಲ್ಲದ ಭಾಗ ಹೊರಗೆ ಕಾಣುತ್ತದೆ. ಕೈನೇಸ್‌ನಲ್ಲಿ ಸುಮಾರು 20 ಅಮೈನೋ ಆಮ್ಲಗಳ ಒಂದು ತುಣುಕು ಇದೆ. ಅದರ ಸುತ್ತಲಿನ ಭಾಗ ಕಿಣ್ವದ ಕೆಲಸದ ಜಾಗವನ್ನು ಅಡ್ಡಗಟ್ಟಿರುತ್ತದೆ. ಎರಡು ಅಂಗೈ ಜೋಡಿಸಿ ಕೋಲು ಹಿಡಿದ ಹಾಗೆ ಕ್ಯಾಲ್ಮಾಡ್ಯುಲಿನ್‌ನ ಎರಡೂ ಗುಂಡುಗಳು ಆ ತುಣುಕನ್ನು ಅಮುಕಿ ಹಿಡಿಯುತ್ತವೆ. ಅಡ್ಡ ಸರಿಯುತ್ತದೆ, ಕಿಣ್ವ ಕೆಲಸ ಶುರು ಮಾಡುತ್ತದೆ, ಮಯೋಸಿನ್‌ಗೆ ಫಾಸ್ಫೇಟ್ ಬೀಳುತ್ತದೆ, ನಾಳ ಬಿಗಿಯುತ್ತದೆ. ಕ್ಯಾಲ್ಸಿಯಂ ಇಳಿದಾಗ ಹಿಡಿತ ಬಿಡುತ್ತದೆ, ಬೇರೊಂದು ಕಿಣ್ವ ಫಾಸ್ಫೇಟ್ ಕಿತ್ತು ಹಾಕುತ್ತದೆ. ಇದೇ ಕ್ಯಾಲ್ಮಾಡ್ಯುಲಿನ್ ಬೇರೆ ಕೋಶದಲ್ಲಿ ಬೇರೆ ಕಿಣ್ವವನ್ನು ಹಿಡಿಯುತ್ತದೆ, ಅಲ್ಲಿ ಬೇರೆ ಕೆಲಸ ಆಗುತ್ತದೆ. ಯಾವ ಕೋಶದಲ್ಲಿ ಯಾವ ಕಿಣ್ವ ಇದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಕ್ಯಾಲ್ಸಿಯಂ ದಾಸ್ತಾನಿನಿಂದಲೇ ಬಂತು, ಹೊರಗಿನಿಂದಲ್ಲ ಅಂತ ಹೇಗೆ ಗೊತ್ತು? 1983ರಲ್ಲಿ ಸ್ಟ್ರೆಬ್, ಇರ್ವಿನ್, ಬೆರಿಜ್ ಮತ್ತು ಶುಲ್ಟ್ಸ್ ಮೇದೋಜೀರಕ ಗ್ರಂಥಿಯ ಕೋಶಗಳ ಹೊರಪೊರೆಗೆ ತೂತು ಬೀಳಿಸಿ, ಐಪಿ3 ಹಾಕಿ, ಒಳಗಿನ ದಾಸ್ತಾನಿನಿಂದ ಕ್ಯಾಲ್ಸಿಯಂ ಬರುವುದನ್ನು ತೋರಿಸಿದರು. ಸ್ನಾಯುವಿನಲ್ಲಿ ಇನ್ನೂ ಸರಳವಾದ ಪರೀಕ್ಷೆ ಇದೆ. ಅಪಧಮನಿಯ ಒಂದು ಉಂಗುರವನ್ನು ಕ್ಯಾಲ್ಸಿಯಂ ಇಲ್ಲದ ದ್ರವದಲ್ಲಿ ಇಡಿ, ಉಳಿದಿದ್ದನ್ನೂ ಹೀರಿಕೊಳ್ಳಲು ಇಜಿಟಿಎ ಹಾಕಿ. ನಾರ್‌ಅಡ್ರಿನಲಿನ್ ಕೊಟ್ಟರೆ ಉಂಗುರ ಒಮ್ಮೆ ಬಿಗಿಯುತ್ತದೆ, ಬೇಗನೇ ಸಡಿಲವಾಗುತ್ತದೆ. ತೊಳೆದು ಮತ್ತೆ ಕೊಟ್ಟರೆ ಹೆಚ್ಚೂಕಡಿಮೆ ಏನೂ ಆಗುವುದಿಲ್ಲ. ಗ್ರಾಹಕವೇ ದಣಿದಿದೆ ಅಂತ ಇಲ್ಲಿ ಎಡವುವವರು ಬಹಳ ಜನ. ದ್ರವಕ್ಕೆ ಕ್ಯಾಲ್ಸಿಯಂ ವಾಪಸ್ ಹಾಕಿ, ಕೆಲವು ನಿಮಿಷ ಬಿಟ್ಟು, ಮತ್ತೆ ಕ್ಯಾಲ್ಸಿಯಂ ತೆಗೆದು ಪರೀಕ್ಷಿಸಿ. ಬಿಗಿತ ಮರಳಿ ಬಂದರೆ ಖಾಲಿಯಾಗಿದ್ದದ್ದು ದಾಸ್ತಾನು. ಇನ್ನೂ ಖಚಿತ ಬೇಕಿದ್ದರೆ ಥಾಪ್ಸಿಗಾರ್ಗಿನ್ ಹಾಕಬಹುದು. ಅದು ಸೆರ್ಕಾವನ್ನು ನಿಲ್ಲಿಸುತ್ತದೆ, ಇಆರ್ ತಾನಾಗೇ ಸೋರಿ ಬರಿದಾಗುತ್ತದೆ, ಆಮೇಲೆ ಮೊದಲ ಸಲವೂ ಬಿಗಿತ ಬರುವುದಿಲ್ಲ.

ಒಂದು ಎಚ್ಚರ ಮಾತ್ರ ಬೇಕು. ಬಿಗಿತವನ್ನಷ್ಟೇ ಅಳೆದು ಕ್ಯಾಲ್ಸಿಯಂ ಬಗ್ಗೆ ತೀರ್ಮಾನ ಮಾಡಬಾರದು. ಫಾಸ್ಫೇಟ್ ಕೀಳುವ ಕಿಣ್ವವನ್ನು ರೋ ಕೈನೇಸ್ ಎಂಬ ಇನ್ನೊಂದು ಕಿಣ್ವವು ತಡೆದರೆ, ಕ್ಯಾಲ್ಸಿಯಂ ಏರದೆಯೂ ಬಿಗಿತ ಹೆಚ್ಚುತ್ತದೆ. ಆದ್ದರಿಂದ ಫ್ಯೂರಾ-2ನಂಥ ಹೊಳೆಯುವ ಬಣ್ಣದಿಂದ ಕ್ಯಾಲ್ಸಿಯಂ ಅನ್ನೂ ಜೊತೆಯಲ್ಲೇ ಅಳೆಯಬೇಕು. ಆ ಬಣ್ಣವನ್ನೂ ಜಾಸ್ತಿ ತುಂಬಬಾರದು, ಅದೂ ಕ್ಯಾಲ್ಸಿಯಂ ಹಿಡಿಯುವಂಥದ್ದೇ, ತುಂಬಿದರೆ ಅಲೆಯ ತುದಿಯನ್ನೇ ತಿಂದುಹಾಕುತ್ತದೆ.

ಹೊರಗಿನ ಕ್ಯಾಲ್ಸಿಯಂ ಬೇಡವೇ ಬೇಡ ಅಂತ ಇದರ ಅರ್ಥವಲ್ಲ. ಉಂಗುರ ಬೇಗ ಸಡಿಲವಾಯಿತು ಅಂದೆನಲ್ಲ, ಹೊರಗೆ ಕ್ಯಾಲ್ಸಿಯಂ ಇದ್ದಿದ್ದರೆ ಬಿಗಿತ ತುಂಬಾ ಹೊತ್ತು ನಿಲ್ಲುತ್ತಿತ್ತು. ದಾಸ್ತಾನು ಶುರು ಮಾಡುತ್ತದೆ, ಮುಂದುವರಿಸುವುದು ಹೊರಗಿನದು. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್ ಹೊರಪೊರೆಯ ಚಾನೆಲ್ ಅನ್ನು ತಡೆದೇ ನಾಳವನ್ನು ಸಡಿಲಿಸುತ್ತದೆ. ದಾಸ್ತಾನು ಬರಿದಾದಾಗ ಅದನ್ನು ಗುರುತಿಸುವ ಪ್ರೋಟೀನ್ ಕೂಡ ಇಆರ್ ಪೊರೆಯಲ್ಲಿದೆ, ಸ್ಟಿಮ್1 ಅಂತ. ಅದು ಹೊರಪೊರೆಯ ಪಕ್ಕಕ್ಕೆ ಬಂದು ಗುಂಪಾಗಿ, ಓರಾಯ್1 ಎಂಬ ಚಾನೆಲ್ ತೆರೆಸಿ, ಹೊರಗಿನಿಂದ ಕ್ಯಾಲ್ಸಿಯಂ ತರಿಸಿ ದಾಸ್ತಾನು ತುಂಬಿಸುತ್ತದೆ. ಇವೆರಡೂ ಪತ್ತೆಯಾದದ್ದು 2005-06ರಲ್ಲಿ. ರೋಗನಿರೋಧಕ ಟಿ ಕೋಶಗಳಿಗೆ ಈ ದಾರಿ ಎಷ್ಟು ಮುಖ್ಯ ಅಂದರೆ, ಓರಾಯ್1 ಕೆಟ್ಟು ಹುಟ್ಟಿದ ಮಕ್ಕಳಿಗೆ ಸೋಂಕು ತಡೆಯುವ ಶಕ್ತಿಯೇ ತೀರಾ ಕುಂದಿರುತ್ತದೆ.

ಕೊನೆಗೆ ನಿಮ್ಮ ಮಾತ್ರೆ. ಮಾತ್ರೆಯ ಕ್ಯಾಲ್ಸಿಯಂ ರಕ್ತಕ್ಕೆ ಬಂದರೂ ಅಲ್ಲಿನ ಮಟ್ಟವನ್ನು ಪ್ಯಾರಾಥೈರಾಯ್ಡ್ ಹಾರ್ಮೋನ್ ಮತ್ತು ಮೂತ್ರಪಿಂಡಗಳು ಸೇರಿ ತೀರಾ ಸಣ್ಣ ಅಂತರದೊಳಗೆ ಹಿಡಿದಿಡುತ್ತವೆ, ಬೇಕಾದರೆ ಮೂಳೆಯಿಂದಲೂ ತೆಗೆದುಕೊಳ್ಳುತ್ತವೆ. ಇಆರ್ ಎಷ್ಟು ತುಂಬಿರಬೇಕು ಅನ್ನುವುದನ್ನು ತೀರ್ಮಾನಿಸುವುದು ಸೆರ್ಕಾ ಪಂಪ್, ಸೋರಿಕೆ ಮತ್ತು ಸ್ಟಿಮ್1. ನೀವು ಒಂದು ಮಾತ್ರೆ ಹೆಚ್ಚು ತಗೊಂಡರೆ ಅದು ಹೆಚ್ಚು ತುಂಬುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ತೀರಾ ಇಳಿದವರಿಗೆ ಕೈಕಾಲು ಸೆಟೆದುಕೊಳ್ಳುತ್ತದಲ್ಲ, ಅದಕ್ಕೂ ಈ ದಾಸ್ತಾನು ಖಾಲಿಯಾದದ್ದು ಕಾರಣವಲ್ಲ. ಹೊರಗೆ ಕ್ಯಾಲ್ಸಿಯಂ ಕಡಿಮೆಯಾದಾಗ ನರಗಳ ಸೋಡಿಯಂ ಚಾನೆಲ್‌ಗಳು ಸಣ್ಣ ಪ್ರಚೋದನೆಗೂ ತೆರೆದುಕೊಳ್ಳುತ್ತವೆ, ನರಗಳು ಸುಮ್ಮಸುಮ್ಮನೆ ಮಿಡಿಯುತ್ತವೆ. ವೈದ್ಯರು ಮೂಳೆಗಾಗಿ ಬರೆದುಕೊಟ್ಟಿದ್ದರೆ ಮಾತ್ರೆಯನ್ನು ಅವರು ಹೇಳಿದಷ್ಟೇ ತೆಗೆದುಕೊಳ್ಳಿ.